ಮನೆಯ ಚಿನ್ನದ ಲೆಕ್ಕ: ಕೊರಳಿಗೆ ಎಷ್ಟು, ಖಾತೆಗೆ ಎಷ್ಟು

ಚಿನ್ನದಂಗಡಿಯ ಬಿಲ್ಲನ್ನು ನಾವು ಸಾಮಾನ್ಯವಾಗಿ ಕೊನೆಯ ಸಾಲಿನಿಂದ ಓದುತ್ತೇವೆ. ಒಟ್ಟು ಎಷ್ಟಾಯಿತು ಎಂದು ನೋಡಿ, ಹಣ ಕೊಟ್ಟು, ಬಿಲ್ಲನ್ನು ಪೆಟ್ಟಿಗೆಯೊಳಗೆ ಮಡಚಿಟ್ಟು ಬರುತ್ತೇವೆ. ಚಿನ್ನವನ್ನು ಉಳಿತಾಯವೆಂದು ನಂಬಿ ಕೊಳ್ಳುವವರು ಆ ಬಿಲ್ಲನ್ನು ಮೇಲಿನಿಂದ, ಒಂದೊಂದೇ ಸಾಲಾಗಿ ಓದಬೇಕು. ಕೊಟ್ಟ ಹಣದಲ್ಲಿ ಎಷ್ಟು ಚಿನ್ನವಾಗಿ ಮನೆಗೆ ಬಂತು, ಎಷ್ಟು ಅಂಗಡಿಯಲ್ಲೇ ಉಳಿಯಿತು ಎಂಬುದು ಗೊತ್ತಾಗುವುದು ಅಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್ ಅಪರಂಜಿಯ ದರ ಗ್ರಾಂಗೆ 10,000 ರೂಪಾಯಿ ಎಂದುಕೊಳ್ಳಿ. ನೀವು ಓದುವ ದಿನದ ದರ ಬೇರೆ ಇರುತ್ತದೆ, ಆದರೆ ಪ್ರಮಾಣಗಳು ಬದಲಾಗುವುದಿಲ್ಲ. 22 ಕ್ಯಾರೆಟ್ ಎಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಹಾಗಾಗಿ ಅದರ ದರ ಗ್ರಾಂಗೆ 9,160 ರೂಪಾಯಿ. ದಾವಣಗೆರೆಯ ಒಂದು ಮನೆಯವರು 20 ಗ್ರಾಂ ತೂಕದ, ಕಲ್ಲಿಲ್ಲದ ಒಂದು ಸರ ಕೊಳ್ಳುತ್ತಾರೆ. ಚಿನ್ನದ ಬೆಲೆ 1,83,200 ರೂಪಾಯಿ. ಮಜೂರಿ ಮತ್ತು ವೇಸ್ಟೇಜ್ ಸೇರಿ ಶೇ. 14 ಎಂದರೆ 25,648 ರೂಪಾಯಿ. ಎರಡೂ ಕೂಡಿದ ಮೊತ್ತದ ಮೇಲೆ ಶೇ. 3 ಜಿಎಸ್‌ಟಿ, 6,265 ರೂಪಾಯಿ. ಹಾಲ್‌ಮಾರ್ಕ್ ಶುಲ್ಕ ತೀರಾ ಸಣ್ಣದು, ಬಿಟ್ಟುಬಿಡೋಣ. ಕೈಯಿಂದ ಹೋದದ್ದು 2,15,113 ರೂಪಾಯಿ.

ಮರುದಿನವೇ ಏನೋ ತೊಂದರೆಯಾಗಿ ಆ ಸರವನ್ನು ನಗದಿಗೆ ಮಾರಬೇಕಾಯಿತು ಎಂದುಕೊಳ್ಳಿ. ಮಜೂರಿಗೂ ವೇಸ್ಟೇಜಿಗೂ ಜಿಎಸ್‌ಟಿಗೂ ಬೆಲೆಯಿಲ್ಲ. ಕೊಳ್ಳುವವರು 22 ಕ್ಯಾರೆಟ್ ಚಿನ್ನದ ತೂಕಕ್ಕೆ ಹಣ ಕೊಡುತ್ತಾರೆ, ಅದರಲ್ಲೂ ಕರಗಿಸುವ ಖರ್ಚೆಂದು ಒಂದಿಷ್ಟು ಮುರಿದುಕೊಳ್ಳುತ್ತಾರೆ. ಶೇ. 3 ಮುರಿದರೆ ಕೈಗೆ ಬರುವುದು 1,77,704 ರೂಪಾಯಿ. ನಷ್ಟ 37,400 ರೂಪಾಯಿ ದಾಟಿತು. ಈ ಸರ ಹಾಕಿದ ದುಡ್ಡನ್ನಾದರೂ ಮರಳಿಸಬೇಕಾದರೆ ಚಿನ್ನದ ದರ ಶೇ. 21ರಷ್ಟು ಏರಬೇಕು. ಹರಳು ಕೂರಿಸಿದ ನೆಕ್ಲೇಸ್ ಅಥವಾ ಸೂಕ್ಷ್ಮ ಕುಸುರಿಯ ಒಡವೆಯಾದರೆ ಮಜೂರಿ ಇನ್ನೂ ಹೆಚ್ಚು. ಅಲ್ಲಿ ಕಲ್ಲಿನ ತೂಕ ಕಳೆದ ಮೇಲೆ ಉಳಿಯುವ ನಿವ್ವಳ ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳದಿದ್ದರೆ, ಮಾರುವ ದಿನ ಇನ್ನೊಂದು ಪಾಲು ಹೋಗುತ್ತದೆ.

ಇದರಲ್ಲಿ ಅಂಗಡಿಯವರ ಮೋಸವೇನೂ ಇಲ್ಲ. ಅಕ್ಕಸಾಲಿಗನ ಕೆಲಸಕ್ಕೆ ಕೂಲಿ ಸಲ್ಲಬೇಕಾದದ್ದೇ. ತಪ್ಪಿರುವುದು ನಮ್ಮ ಲೆಕ್ಕದಲ್ಲಿ. ಉಡುಪಿಗೆ, ಮದುವೆಗೆ, ಸಂತೋಷಕ್ಕೆ ಮಾಡಿದ ಖರ್ಚನ್ನೂ ಹೂಡಿಕೆಯನ್ನೂ ಒಂದೇ ಬಿಲ್ಲಿನಲ್ಲಿ ಹಾಕಿಸಿಕೊಂಡು, ಇಡೀ ಮೊತ್ತಕ್ಕೆ ಉಳಿತಾಯವೆಂದು ಹೆಸರಿಟ್ಟುಬಿಡುತ್ತೇವೆ.

ನಾಣ್ಯ ಮತ್ತು ಇಟಿಎಫ್: ಸೋರುವ ಬಗೆ ಬೇರೆ

ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ 24 ಕ್ಯಾರೆಟ್ಟಿನ 10 ಗ್ರಾಂ ನಾಣ್ಯ ಎರಡು ಬರುತ್ತವೆ. ಒಂದು ನಾಣ್ಯದ ಚಿನ್ನಕ್ಕೆ ಒಂದು ಲಕ್ಷ, ತಯಾರಿಕೆ ಮತ್ತು ಪ್ಯಾಕಿಂಗಿನ ಹೆಸರಿನಲ್ಲಿ ಶೇ. 4, ಒಟ್ಟಿನ ಮೇಲೆ ಶೇ. 3 ಜಿಎಸ್‌ಟಿ. ಎರಡಕ್ಕೆ 2,14,240 ರೂಪಾಯಿ. ಈಗ ಮನೆಯಲ್ಲಿರುವುದು ಪೂರ್ತಿ 20 ಗ್ರಾಂ ಅಪರಂಜಿ. ಸರದಲ್ಲಿದ್ದ ಅಪ್ಪಟ ಚಿನ್ನ 18.32 ಗ್ರಾಂ ಮಾತ್ರ. ನಗದಿಗೆ ಮಾರುವಾಗ ಇಲ್ಲಿಯೂ ಶೇ. 3 ಮುರಿದರೆ 1,94,000 ರೂಪಾಯಿ ಸಿಗುತ್ತದೆ. ನಷ್ಟ ಸುಮಾರು 20,000. ಸರಕ್ಕಿಂತ ಎಷ್ಟೋ ಮೇಲು, ಆದರೆ ಕಡಿಮೆಯೇನಲ್ಲ.

ನಾಣ್ಯದಲ್ಲಿ ಎರಡು ವಿಷಯ ಗಮನಿಸಬೇಕು. ಬ್ಯಾಂಕುಗಳು ಚಿನ್ನದ ನಾಣ್ಯ ಮಾರುತ್ತವೆ, ಆದರೆ ತಿರುಗಿ ಕೊಳ್ಳುವುದಿಲ್ಲ. ಹೀಗಾಗಿ ಬ್ಯಾಂಕಿನಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಂಡದ್ದನ್ನೂ ಕೊನೆಗೆ ಚಿನ್ನದಂಗಡಿಯಲ್ಲೇ ಮಾರಬೇಕಾಗುತ್ತದೆ. ಇನ್ನೊಂದು, ನಾಣ್ಯ ಚಿಕ್ಕದಾದಷ್ಟೂ ಗ್ರಾಂಗೆ ಬೀಳುವ ತಯಾರಿಕೆಯ ಖರ್ಚು ದೊಡ್ಡದು. ಅಕ್ಷಯ ತೃತೀಯಕ್ಕೆಂದು ವರ್ಷವೂ ಒಂದು ಗ್ರಾಂ, ಅರ್ಧ ಗ್ರಾಂ ಕೊಳ್ಳುವವರು ಆ ಪುಟ್ಟ ನಾಣ್ಯಗಳಿಗೆ ಅತಿ ದುಬಾರಿ ದರ ತೆರುತ್ತಾರೆ. ಮೂರು ನಾಲ್ಕು ವರ್ಷದ ಆಸೆಯನ್ನು ಕೂಡಿಟ್ಟು ಒಂದು 8 ಗ್ರಾಂ ಅಥವಾ 10 ಗ್ರಾಂ ನಾಣ್ಯ ಕೊಳ್ಳುವುದು ಲೇಸು.

ಇನ್ನು ಗೋಲ್ಡ್ ಇಟಿಎಫ್. ಇದು ಷೇರು ಮಾರುಕಟ್ಟೆಯಲ್ಲಿ ಕೊಟ್ಟು-ಕೊಳ್ಳಬಹುದಾದ ಒಂದು ಮ್ಯೂಚುವಲ್ ಫಂಡು. ಜನರಿಂದ ಬಂದ ಹಣಕ್ಕೆ ಫಂಡಿನವರು ಶುದ್ಧ ಚಿನ್ನದ ಗಟ್ಟಿ ಕೊಂಡು ಕಸ್ಟೋಡಿಯನ್ ಎನಿಸಿಕೊಂಡ ಬೇರೊಂದು ಸಂಸ್ಥೆಯ ಭದ್ರ ಕೋಣೆಯಲ್ಲಿ ಇರಿಸುತ್ತಾರೆ. ನಿಮ್ಮ ಡಿಮ್ಯಾಟ್ ಖಾತೆಗೆ ಅದರ ಪಾಲು ಯುನಿಟ್ಟುಗಳಾಗಿ ಬರುತ್ತದೆ. ನಮ್ಮ ದೇಶದಲ್ಲಿ ಇಂಥ ಮೊದಲ ಫಂಡು 2007ರಲ್ಲಿ ಬಂತು. ಮೇಲ್ವಿಚಾರಣೆ ಸೆಬಿಯದು. ಈಗ ಅನೇಕ ಇಟಿಎಫ್‌ಗಳ ಒಂದು ಯುನಿಟ್ ಗ್ರಾಂನ ನೂರನೇ ಒಂದು ಭಾಗಕ್ಕೆ ಹತ್ತಿರವಿರುತ್ತದೆ. ಆದ್ದರಿಂದ ನೂರಿನ್ನೂರು ರೂಪಾಯಿಗೂ ಕೊಳ್ಳಬಹುದು. ಡಿಮ್ಯಾಟ್ ಖಾತೆ ಇಲ್ಲದವರಿಗೆ ಇದೇ ಇಟಿಎಫ್‌ನಲ್ಲಿ ಹಣ ಹಾಕುವ ಗೋಲ್ಡ್ ಫಂಡುಗಳಿವೆ. ತಿಂಗಳ ಎಸ್‌ಐಪಿಗೆ ಅನುಕೂಲ, ಖರ್ಚು ಮಾತ್ರ ತುಸು ಹೆಚ್ಚು.

ಅದೇ 2,15,000 ರೂಪಾಯಿಗೆ ಇಟಿಎಫ್ ಕೊಂಡರೆ ದಲ್ಲಾಳಿ ಶುಲ್ಕ, ಕೊಡುವ-ಕೊಳ್ಳುವ ಬೆಲೆಯ ನಡುವಿನ ವ್ಯತ್ಯಾಸ ಎಲ್ಲ ಕಳೆದು ಸುಮಾರು 21.4 ಗ್ರಾಂ ಚಿನ್ನಕ್ಕೆ ಸಮನಾದ ಯುನಿಟ್ ಸಿಗುತ್ತದೆ. ಮಜೂರಿಯಿಲ್ಲ, ಮೂರು ಪರ್ಸೆಂಟಿನ ಜಿಎಸ್‌ಟಿಯನ್ನು ಮೇಲೆ ಕಟ್ಟಬೇಕಿಲ್ಲ. ಮರುದಿನ ಮಾರಿದರೆ ನಷ್ಟ ಸಾವಿರ, ಒಂದೂವರೆ ಸಾವಿರ.

ಇಷ್ಟಕ್ಕೇ ಇಟಿಎಫ್ ಗೆದ್ದಿತೆಂದು ಹೇಳಿದರೆ ಲೆಕ್ಕ ಅರ್ಧಕ್ಕೆ ನಿಂತಂತೆ. ಇಟಿಎಫ್ ಮೊದಲ ದಿನ ಸೋರುವುದಿಲ್ಲ, ಪ್ರತಿ ದಿನ ಸ್ವಲ್ಪ ಸ್ವಲ್ಪ ಸೋರುತ್ತದೆ. ಚಿನ್ನ ಕಾಯುವ, ಫಂಡು ನಡೆಸುವ ಖರ್ಚೆಂದು ವರ್ಷಕ್ಕೆ ಅರ್ಧ ಪರ್ಸೆಂಟಿನ ಆಚೀಚೆ ಕಡಿತವಾಗುತ್ತದೆ. ಯಾರೂ ಬಿಲ್ಲು ಕಳುಹಿಸುವುದಿಲ್ಲ. ಯುನಿಟ್ಟಿನ ಹಿಂದಿರುವ ಚಿನ್ನವೇ ಕೂದಲೆಳೆಯಷ್ಟು ಕರಗುತ್ತ ಹೋಗುತ್ತದೆ. ಈ ಖರ್ಚು ವರ್ಷಕ್ಕೆ ಶೇ. 0.6 ಎಂದಿಟ್ಟುಕೊಂಡರೆ ಹತ್ತು ವರ್ಷದ ನಂತರ 21.4 ಗ್ರಾಂ ಇದ್ದದ್ದು 20 ಗ್ರಾಂಗೆ ತುಸು ಮೇಲಕ್ಕೆ ಇಳಿದಿರುತ್ತದೆ.

ಹತ್ತು ವರ್ಷದ ಕೊನೆಗೆ ಮೂರನ್ನೂ ಮಾರಿ ಕೈಗೆ ಬಂದ ಹಣವನ್ನು ಅಪ್ಪಟ ಚಿನ್ನದ ತೂಕಕ್ಕೆ ಇಳಿಸಿ ನೋಡೋಣ. ಸರ 17.8 ಗ್ರಾಂ, ನಾಣ್ಯ 19.4 ಗ್ರಾಂ, ಇಟಿಎಫ್ ಸುಮಾರು 20.1 ಗ್ರಾಂ. ಅಷ್ಟರೊಳಗೆ ದರ ಮೂರು ಪಟ್ಟಾಗಿದೆ ಎಂದುಕೊಂಡರೆ ಸರಕ್ಕೆ 5.33 ಲಕ್ಷ, ನಾಣ್ಯಕ್ಕೆ 5.82 ಲಕ್ಷ, ಇಟಿಎಫ್‌ಗೆ 6.03 ಲಕ್ಷ ರೂಪಾಯಿ. ಸರಕ್ಕೂ ಇಟಿಎಫ್‌ಗೂ ಎಪ್ಪತ್ತು ಸಾವಿರದ ಅಂತರ, ಆದರೆ ನಾಣ್ಯಕ್ಕೂ ಇಟಿಎಫ್‌ಗೂ ಅಂತರ ಸಣ್ಣದು. ಇದೇ ಲೆಕ್ಕವನ್ನು ಮುಂದುವರಿಸಿದರೆ ಹದಿನಾರನೆಯ ವರ್ಷದ ಹೊತ್ತಿಗೆ ನಾಣ್ಯ ಇಟಿಎಫ್ ಅನ್ನು ಹಿಡಿದುಬಿಡುತ್ತದೆ, ಆಮೇಲೆ ಮುಂದೆ ಹೋಗುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಮುಟ್ಟದೆ ಇಡುವ ಚಿನ್ನಕ್ಕೆ ನಾಣ್ಯ ಕೆಟ್ಟ ಆಯ್ಕೆಯಲ್ಲ. ಆದರೆ ಆ ನಾಣ್ಯಕ್ಕಾಗಿಯೇ ಬ್ಯಾಂಕ್ ಲಾಕರ್ ತೆಗೆದುಕೊಂಡು ವರ್ಷಕ್ಕೆ ಎರಡು ಮೂರು ಸಾವಿರ ಬಾಡಿಗೆ ಕಟ್ಟಿದರೆ, ಎರಡು ಲಕ್ಷದ ಚಿನ್ನಕ್ಕೆ ಅದೇ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚಾಗುತ್ತದೆ. ಒಡವೆಗಾಗಿ ಲಾಕರ್ ಹೇಗೂ ಇದೆ ಎನ್ನುವ ಮನೆಗೆ ಮಾತ್ರ ಈ ಮಾತು ಅನ್ವಯಿಸುತ್ತದೆ.

ಬಾಂಡ್ ಎಂಬ ಮುಚ್ಚಿದ ಬಾಗಿಲು

ಈ ಎಲ್ಲ ಸೋರಿಕೆಯನ್ನೂ ತಪ್ಪಿಸಿದ್ದ ಒಂದು ರೂಪವಿತ್ತು, ಸವರಿನ್ ಗೋಲ್ಡ್ ಬಾಂಡ್. 2015ರ ನವೆಂಬರ್‌ನಲ್ಲಿ ಮೊದಲ ಕಂತು ಗ್ರಾಂಗೆ 2,684 ರೂಪಾಯಿಯಂತೆ ಬಂತು. ಎಂಟು ವರ್ಷದ ಬಳಿಕ, 2023ರ ನವೆಂಬರ್‌ನಲ್ಲಿ, ಅದೇ ಗ್ರಾಂಗೆ 6,132 ರೂಪಾಯಿ ಮರಳಿ ಬಂತು. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ. 11ರ ಬೆಳವಣಿಗೆ. ಜೊತೆಗೆ, ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಶೇ. 2.75 ಬಡ್ಡಿ. ನಂತರದ ಕಂತುಗಳಲ್ಲಿ ಈ ಬಡ್ಡಿ ಶೇ. 2.5 ಆಯಿತು. ಮಜೂರಿಯಿಲ್ಲ, ಕಾಯುವ ಖರ್ಚಿಲ್ಲ, ಮೇಲೆ ಬಡ್ಡಿ. ಸರ್ಕಾರಕ್ಕೆ ಇದೇ ಭಾರವಾಯಿತು. ದರ ಏರಿದಷ್ಟೂ ಮರಳಿಸಬೇಕಾದ ಹಣ ಏರಿತು. 2024ರ ಫೆಬ್ರವರಿಯಲ್ಲಿ ಗ್ರಾಂಗೆ 6,263 ರೂಪಾಯಿಯಂತೆ ಬಂದ ಕಂತಿನೊಂದಿಗೆ ವಿತರಣೆ ನಿಂತಿತು.

ಕೈಯಲ್ಲಿ ಹಳೆಯ ಬಾಂಡ್ ಇರುವವರು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಷೇರು ಮಾರುಕಟ್ಟೆಯಲ್ಲಿ ಬೇರೆಯವರ ಬಾಂಡ್ ಕೊಳ್ಳಲು ಹೊರಟವರು ಎರಡು ನೋಡಬೇಕು. ಆ ದಿನದ ಚಿನ್ನದ ದರಕ್ಕಿಂತ ಬಾಂಡಿನ ಬೆಲೆ ಎಷ್ಟು ಮೇಲಿದೆ, ಮತ್ತು ಅವಧಿ ಮುಗಿದಾಗ ಸಿಗುವ ತೆರಿಗೆ ವಿನಾಯಿತಿ ಮೊದಲ ಕೊಳ್ಳುಗನಲ್ಲದವರಿಗೆ ಆ ಹೊತ್ತಿನ ನಿಯಮದಲ್ಲಿ ಅನ್ವಯಿಸುತ್ತದೆಯೇ ಎಂಬುದು.

ಮೊಬೈಲ್ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಗೋಲ್ಡ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ತನ್ನ ನಿಯಂತ್ರಣದಲ್ಲಿಲ್ಲ, ತೊಂದರೆಯಾದರೆ ಹೂಡಿಕೆದಾರರಿಗಿರುವ ರಕ್ಷಣೆ ಅಲ್ಲಿ ಸಿಗದು ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಅಲ್ಲಿಯೂ ಕೊಳ್ಳುವಾಗ ಶೇ. 3 ಜಿಎಸ್‌ಟಿ ಇದೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿದೆ. ಅಷ್ಟೇ ಸುಲಭವಾಗಿ ಇಟಿಎಫ್ ಸಿಗುವಾಗ ಈ ದಾರಿ ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ. ಚಿನ್ನದಂಗಡಿಯ ಹನ್ನೊಂದು ತಿಂಗಳ ಕಂತಿನ ಸ್ಕೀಮುಗಳೂ ಹಾಗೆಯೇ. ಮಜೂರಿಯಲ್ಲಿ ರಿಯಾಯಿತಿ ಸಿಗುವುದು ನಿಜ. ಆದರೆ ಅಂಗಡಿ ಮುಚ್ಚಿದರೆ ಕಟ್ಟಿದ ಹಣಕ್ಕೆ ಹಿಂದೆ ಯಾವ ಭದ್ರತೆಯೂ ಇರುವುದಿಲ್ಲ.

ಮನೆಯ ಉಳಿತಾಯದಲ್ಲಿ ಚಿನ್ನಕ್ಕೆ ಏನು ಕೆಲಸ

ರೂಪ ಯಾವುದಾದರೂ ಇರಲಿ, ಚಿನ್ನ ಯಾಕೆ ಬೇಕು, ಎಷ್ಟು ಬೇಕು? ಚಿನ್ನ ದುಡಿಯುವುದಿಲ್ಲ. ಠೇವಣಿ ಬಡ್ಡಿ ಕೊಡುತ್ತದೆ, ಮನೆ ಬಾಡಿಗೆ ಕೊಡುತ್ತದೆ, ಕಂಪನಿ ಲಾಭ ಮಾಡುತ್ತದೆ. ಚಿನ್ನ ಇಟ್ಟಲ್ಲೇ ಇರುತ್ತದೆ. ಅದರ ಗಳಿಕೆಯೆಲ್ಲ ದರದ ಏರಿಕೆಯಿಂದ ಬರಬೇಕು, ಮತ್ತು ಆ ದರ ಚಿಕ್ಕಪೇಟೆಯಲ್ಲೋ ಉಡುಪಿಯಲ್ಲೋ ತೀರ್ಮಾನವಾಗುವುದಿಲ್ಲ. ಜಗತ್ತಿನ ಮಾರುಕಟ್ಟೆಯ ಡಾಲರ್ ಬೆಲೆ, ಡಾಲರಿಗೆ ಎಷ್ಟು ರೂಪಾಯಿ ಎಂಬುದು, ಸರ್ಕಾರದ ಆಮದು ಸುಂಕ ಈ ಮೂರೂ ಸೇರಿ ನಮ್ಮ ದರವಾಗುತ್ತದೆ. 2024ರ ಜುಲೈ ಬಜೆಟ್‌ನಲ್ಲಿ ಸುಂಕ ಶೇ. 15ರಿಂದ ಶೇ. 6ಕ್ಕೆ ಇಳಿದಾಗ, ಜಗತ್ತಿನಲ್ಲಿ ಅಂಥದ್ದೇನೂ ಆಗದೆಯೂ ನಮ್ಮ ಅಂಗಡಿಗಳ ದರ ಕೆಲವೇ ದಿನಗಳಲ್ಲಿ ಕುಸಿಯಿತು.

ಈ ಮೂರರಲ್ಲಿ ರೂಪಾಯಿಯ ಪಾತ್ರವನ್ನು ನಾವು ಮರೆಯುತ್ತೇವೆ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ, 1999ರ ಆಗಸ್ಟ್‌ನಲ್ಲಿ 252 ಡಾಲರಿಗೆ ಇಳಿದಿತ್ತು. ಅಮೆರಿಕದವನೊಬ್ಬ ಆ ಶಿಖರದಲ್ಲಿ ಕೊಂಡಿದ್ದರೆ ಹತ್ತೊಂಬತ್ತು ವರ್ಷದ ಬಳಿಕ ಹಾಕಿದ ಹಣದ ಮೂರರಲ್ಲೊಂದು ಪಾಲೂ ಉಳಿದಿರಲಿಲ್ಲ. ಅದೇ ಅವಧಿಯಲ್ಲಿ ಡಾಲರ್ ಸುಮಾರು 8 ರೂಪಾಯಿಯಿಂದ 43 ರೂಪಾಯಿಗೆ ಏರಿತು. ಜಾಗತಿಕ ಬೆಲೆಯನ್ನು ರೂಪಾಯಿಗೆ ತಿರುಗಿಸಿದರೆ ಚಿನ್ನ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಆಗಿತ್ತು. ಚಿನ್ನ ಇಳಿಯುವುದಿಲ್ಲ ಎಂಬ ನಮ್ಮ ಹಿರಿಯರ ಅನುಭವಕ್ಕೆ ಒಂದು ದೊಡ್ಡ ಕಾರಣ, ಅಳೆಯುವ ರೂಪಾಯಿಯೇ ಇಳಿಯುತ್ತಿದ್ದದ್ದು. ಅಷ್ಟರಲ್ಲಿ ಅಕ್ಕಿ ಬೇಳೆಯ ಬೆಲೆ ಒಂದೂವರೆ ಪಟ್ಟಿಗಿಂತ ಬಹಳ ಹೆಚ್ಚೇ ಏರಿದ್ದರಿಂದ ಆ ಲಾಭವೂ ನಿಜವಾದ ಲಾಭವಾಗಿರಲಿಲ್ಲ.

ತೀರಾ ಹಿಂದಿನ ಮಾತೇಕೆ? 2012ರಲ್ಲಿ 10 ಗ್ರಾಂ ಚಿನ್ನ 31,000 ರೂಪಾಯಿಯ ಆಸುಪಾಸಿನಲ್ಲಿತ್ತು. 2018ರಲ್ಲೂ ಅಲ್ಲಿಯೇ ಇತ್ತು. ನಡುವೆ 2015ರಲ್ಲಿ 26,000ದ ಹತ್ತಿರಕ್ಕೆ ಹೋಗಿಬಂತು. ಆ ಆರು ವರ್ಷ ಬ್ಯಾಂಕಿನ ಸಾಮಾನ್ಯ ಠೇವಣಿಯೂ ಹಣವನ್ನು ಒಂದೂವರೆ ಪಟ್ಟಿನ ಹತ್ತಿರ ಮಾಡಿಕೊಡುತ್ತಿತ್ತು. ಆಮೇಲೆ ಬಂದ ಏರಿಕೆಯನ್ನಷ್ಟೇ ನೋಡಿ ಈಗ ಚಿನ್ನಕ್ಕೆ ಧಾವಿಸುವವರು ಈ ಆರು ವರ್ಷಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬಾಂಡಿನ ಮೊದಲ ಕಂತು ಅಷ್ಟು ಚೆನ್ನಾಗಿ ಫಲಿಸಿದ್ದಕ್ಕೆ, ಅದು ಆ ತಗ್ಗಿನಲ್ಲಿ ಬಂದಿದ್ದೂ ಕಾರಣ.

ಹಾಗಿದ್ದರೂ ಚಿನ್ನ ಬೇಕು. ಮಿಕ್ಕೆಲ್ಲವೂ ಒಟ್ಟಿಗೆ ಕೆಡುವ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಬೇರೆ ದಿಕ್ಕಿನಲ್ಲಿ ನಡೆಯುತ್ತದೆ. ಷೇರುಪೇಟೆ ಕುಸಿದಾಗ, ರೂಪಾಯಿ ಸೋತಾಗ, ಯುದ್ಧದ ಭೀತಿ ಹಬ್ಬಿದಾಗ ಜನ ಚಿನ್ನಕ್ಕೆ ಓಡುತ್ತಾರೆ. ದೇಶಕ್ಕೂ ಹಾಗೆಯೇ ಆದದ್ದುಂಟು. 1991ರಲ್ಲಿ ಆಮದಿಗೆ ಡಾಲರ್ ಸಾಲದೆ ಬಂದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಗಿರವಿಯಿಟ್ಟು 40 ಕೋಟಿ ಡಾಲರ್ ತಂದಿತು. ಮನೆಯ ಉಳಿತಾಯದಲ್ಲೂ ಚಿನ್ನದ ಕೆಲಸ ಇಷ್ಟೇ. ಬೆಳೆಸುವುದು ಬೇರೆಯವುಗಳ ಕೆಲಸ, ಕೆಟ್ಟ ಕಾಲದಲ್ಲಿ ಒಟ್ಟು ಮೊತ್ತ ಒಮ್ಮೆಲೇ ಕುಸಿಯದಂತೆ ನೋಡಿಕೊಳ್ಳುವುದು ಇದರ ಕೆಲಸ. ಅದಕ್ಕೆ ಒಟ್ಟು ಉಳಿತಾಯದ ಹತ್ತರಲ್ಲೊಂದು ಪಾಲು ಸಾಕು. ಹದಿನೈದರಲ್ಲೊಂದೋ ಏಳರಲ್ಲೊಂದೋ ಆದರೆ ತಪ್ಪಿಲ್ಲ. ಅರ್ಧ ಆಗಬಾರದು.

ಆ ಹತ್ತರಲ್ಲೊಂದನ್ನು ಕಾಪಾಡಿಕೊಳ್ಳುವಲ್ಲಿ ಚಿನ್ನದ ರೂಪ ನಿರ್ಣಾಯಕವಾಗುತ್ತದೆ. ಇಪ್ಪತ್ತು ಲಕ್ಷದ ಉಳಿತಾಯ, ಅದರಲ್ಲಿ ಎರಡು ಲಕ್ಷ ಚಿನ್ನ ಎಂದುಕೊಳ್ಳಿ. ಒಂದು ವರ್ಷದಲ್ಲಿ ಚಿನ್ನ ಶೇ. 50 ಏರಿತು, ಮಿಕ್ಕಿದ್ದು ಶೇ. 5 ಏರಿತು. ಈಗ ಚಿನ್ನ ಮೂರು ಲಕ್ಷ, ಒಟ್ಟು 21.9 ಲಕ್ಷ. ಪಾಲು ಶೇ. 13.7ಕ್ಕೆ ಹೋಯಿತು. ಸುಮಾರು 81,000 ರೂಪಾಯಿಯ ಚಿನ್ನ ಮಾರಿ ಅಗ್ಗವಾಗಿರುವ ಕಡೆ ಹಾಕಿದರೆ ಲೆಕ್ಕ ಮತ್ತೆ ಸರಿಯಾಗುತ್ತದೆ. ಚಿನ್ನ ಬಿದ್ದ ವರ್ಷ ಇದರ ತಿರುಗುಮುರುಗು, ಅಂದರೆ ಇನ್ನೊಂದಿಷ್ಟು ಕೊಳ್ಳುವುದು. ದುಬಾರಿಯಾದಾಗ ಮಾರಿ ಅಗ್ಗವಾದಾಗ ಕೊಳ್ಳುವ ಈ ಶಿಸ್ತಿನಿಂದಲೇ ದುಡಿಯದ ಚಿನ್ನವೂ ಒಟ್ಟು ಗಳಿಕೆಗೆ ನೆರವಾಗುವುದು. ಇಟಿಎಫ್‌ನಲ್ಲಿ ಇದು ಐದು ನಿಮಿಷದ ಕೆಲಸ. ನಾಣ್ಯದಲ್ಲಿ ಅಂಗಡಿಗೆ ಹೋಗಿ ಚೌಕಾಸಿ ಮಾಡಬೇಕು. ಅವಲಕ್ಕಿ ಸರದ ಕಾಲುಭಾಗವನ್ನು ಯಾರು ಕತ್ತರಿಸಿ ಮಾರುತ್ತಾರೆ? ಮಾರಲು ಮನಸ್ಸೂ ಬಾರದು, ಬರಬೇಕಾಗಿಯೂ ಇಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟು: ಎಂದಿಗೂ ಮಾರದ ಒಡವೆಯನ್ನು ಹೂಡಿಕೆಯ ಲೆಕ್ಕದಲ್ಲಿ ಸೊನ್ನೆ ಎಂದು ಬರೆಯಿರಿ. ಮನೆಯಲ್ಲಿ ಮುನ್ನೂರು ಗ್ರಾಂ ಒಡವೆಯಿದೆ, ಹಾಗಾಗಿ ಚಿನ್ನದ ಪಾಲು ತುಂಬಿದೆ ಎಂದುಕೊಂಡರೆ ಅದು ಕಾಗದದ ಮೇಲಷ್ಟೇ ನಿಜ.

ಒಡವೆ ಗೆಲ್ಲುವ ಎರಡು ಕಡೆ

ಹೂಡಿಕೆಯಾಗಿ ಸೊನ್ನೆಯಾದರೂ, ಆಪತ್ತಿಗೆ ಒಡವೆಯಷ್ಟು ಒದಗುವ ಇನ್ನೊಂದಿಲ್ಲ. ಇಟಿಎಫ್ ಮಾರಿದ ಹಣ ಖಾತೆಗೆ ಬರಲು ಒಂದು ದಿನವಾದರೂ ಬೇಕು, ವಾರಾಂತ್ಯವಾದರೆ ಇನ್ನೂ ತಡ. ಒಡವೆ ಗಿರವಿಯಿಟ್ಟರೆ ಅರ್ಧ ಗಂಟೆಯಲ್ಲಿ ಹಣ ಸಿಗುತ್ತದೆ, ಆದಾಯದ ಪುರಾವೆ ಕೇಳುವುದು ಕಡಿಮೆ, ಸಾಲ ತೀರಿಸಿದರೆ ಅದೇ ಸರ ಮನೆಗೆ ಮರಳುತ್ತದೆ. ರಿಸರ್ವ್ ಬ್ಯಾಂಕಿನ ನಿಯಮವೂ ಇಲ್ಲಿ ಒಡವೆಯ ಪರವಾಗಿದೆ. ಚಿನ್ನದ ಗಟ್ಟಿಯ ಮೇಲೆ, ಗೋಲ್ಡ್ ಇಟಿಎಫ್ ಯುನಿಟ್ಟಿನ ಮೇಲೆ ಸಾಲ ಕೊಡುವಂತಿಲ್ಲ. ನಾಣ್ಯವಾದರೆ 50 ಗ್ರಾಂವರೆಗೆ ಮಾತ್ರ. ಒಡವೆಗೆ ಒಂದು ಕಿಲೋವರೆಗೆ ಅವಕಾಶವಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ ನಿಯಮದಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಗರಿಷ್ಠ ಶೇ. 85, ಐದು ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75. ಕಲ್ಲಿಗೂ ಮಜೂರಿಗೂ ಇಲ್ಲಿಯೂ ಬೆಲೆಯಿಲ್ಲ. ನಮ್ಮ ಉದಾಹರಣೆಯ 20 ಗ್ರಾಂ ಸರಕ್ಕೆ ಒಂದೂವರೆ ಲಕ್ಷದ ಹತ್ತಿರ ಸಾಲ ಸಿಗಬಹುದು. ಆಸ್ಪತ್ರೆಗೋ ಮಗನ ಕಾಲೇಜು ಫೀಸಿಗೋ ಎಷ್ಟೋ ಮನೆಗಳನ್ನು ಇದೇ ದಾಟಿಸಿದೆ.

ಇನ್ನೊಂದು ವಿಷಯವನ್ನು ಹಣಕಾಸಿನ ಸಲಹೆಗಾರರು ಬಹಳ ಸಲ ಬಿಟ್ಟುಬಿಡುತ್ತಾರೆ. ಒಡವೆ ಹೆಂಗಸಿನ ಸ್ವಂತ ಆಸ್ತಿ. ಕಾನೂನಿನಲ್ಲಿ ಅದು ಸ್ತ್ರೀಧನ, ವ್ಯವಹಾರದಲ್ಲಿ ಅವಳ ಕೈಯಲ್ಲೇ ಇರುವ ವಸ್ತು. ಹೊಲ, ಮನೆ, ಠೇವಣಿ ಯಾವುದರಲ್ಲೂ ತನ್ನ ಹೆಸರಿಲ್ಲದ ಎಷ್ಟೋ ಹೆಂಗಸರಿಗೆ ತಮ್ಮದೆಂದು ಹೇಳಿಕೊಳ್ಳಲು ಇರುವುದು ಅದೊಂದೇ. ಮಜೂರಿ ದಂಡ, ಇಟಿಎಫ್ ಮೇಲು ಎಂದು ಲೆಕ್ಕ ಹೇಳಿ, ಆ ಇಟಿಎಫ್ ಅನ್ನು ಗಂಡನ ಡಿಮ್ಯಾಟ್ ಖಾತೆಯಲ್ಲಿ ಕೊಂಡರೆ ಮನೆಗೆ ಲಾಭವಾಗಬಹುದು, ಅವಳಿಗೆ ನಷ್ಟವಾಯಿತು. ಖಾತೆ ಅವಳ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿ, ಮಾರುವುದು ಹೇಗೆಂದು ಅವಳೇ ಒಮ್ಮೆ ಮಾಡಿ ನೋಡಿರಲಿ. ಗಂಡ ಕೊಟ್ಟ ಹಣದಿಂದ ಕೊಂಡಿದ್ದರೆ ಲಾಭದ ತೆರಿಗೆ ಗಂಡನ ಲೆಕ್ಕಕ್ಕೆ ಬರುತ್ತದೆ. ಅದು ತೆರಿಗೆಯ ಮಾತಾಯಿತು, ಒಡೆತನ ಅವಳದೇ.

ಹನ್ನೆರಡು ವರ್ಷದ ಮದುವೆ ಲೆಕ್ಕ

ಇಷ್ಟನ್ನು ದಾವಣಗೆರೆಯ ಆ ಮನೆಗೆ ಅನ್ವಯಿಸಿ ನೋಡೋಣ. ಮಗಳಿಗೆ ಈಗ ಹನ್ನೆರಡು ವರ್ಷ. ಇನ್ನು ಹನ್ನೆರಡು ವರ್ಷಕ್ಕೆ ಮದುವೆಯಾದರೆ 100 ಗ್ರಾಂ ಒಡವೆ ಹಾಕಬೇಕೆಂಬ ಆಸೆ ಅಪ್ಪ ಅಮ್ಮನಿಗಿದೆ. ಈ ಗುರಿಯನ್ನು ರೂಪಾಯಿಯಲ್ಲಿ ಬರೆದಿಟ್ಟರೆ ದರ ಏರಿದಂತೆ ಅದು ಕೈತಪ್ಪುತ್ತದೆ. ಗ್ರಾಂನಲ್ಲಿ ಬರೆದಿಟ್ಟುಕೊಳ್ಳಬೇಕು. 22 ಕ್ಯಾರೆಟ್ಟಿನ 100 ಗ್ರಾಂ ಎಂದರೆ 91.6 ಗ್ರಾಂ ಅಪರಂಜಿ. ಕೊನೆಗೆ ಒಡವೆ ಮಾಡಿಸುವಾಗ ಶೇ. 14 ಮಜೂರಿ, ಶೇ. 3 ಜಿಎಸ್‌ಟಿ ಕೊಡಬೇಕಲ್ಲ, ಅದನ್ನೂ ಚಿನ್ನದಲ್ಲೇ ಎಣಿಸಿದರೆ 107.6 ಗ್ರಾಂ ಆಗುತ್ತದೆ. 144 ತಿಂಗಳಿಗೆ ಹಂಚಿದರೆ ತಿಂಗಳಿಗೆ ಮುಕ್ಕಾಲು ಗ್ರಾಂ. ನಮ್ಮ ಉದಾಹರಣೆಯ ದರದಲ್ಲಿ ಏಳೂವರೆ ಸಾವಿರ ರೂಪಾಯಿ. ದರ ಏರಿದರೆ ತಿಂಗಳ ರೂಪಾಯಿಯೂ ಏರಬೇಕು, ಗ್ರಾಂ ಬದಲಾಗಬಾರದು. ಫಂಡಿನ ಖರ್ಚಿಗೂ ತೆರಿಗೆಗೂ ಇದರ ಮೇಲೆ ಒಂದಿಷ್ಟು ಸೇರಿಸಿಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ಇಟಿಎಫ್‌ನ ಪರವಾಗಿಯಷ್ಟೇ ಮಾತಾಡಲು ಬರುವುದಿಲ್ಲ. ಈಗಿನ ನಿಯಮದಂತೆ ಇಟಿಎಫ್ ಅನ್ನು ಒಂದು ವರ್ಷ, ಒಡವೆ ನಾಣ್ಯಗಳನ್ನು ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. ಮಗಳ ಮದುವೆಗೆಂದು ಇಟಿಎಫ್ ಮಾರಿದಾಗ, ಕೊಂಡ ಬೆಲೆಗಿಂತ ದರ ಎರಡು ಪಟ್ಟಾಗಿದ್ದರೆ ಈ ತೆರಿಗೆ ಮಾರಿದ ಮೊತ್ತದ ಶೇ. 6ಕ್ಕೆ ಸ್ವಲ್ಪ ಮೇಲಾಗುತ್ತದೆ, ಮೂರು ಪಟ್ಟಾಗಿದ್ದರೆ ಶೇ. 8ಕ್ಕೆ ಸ್ವಲ್ಪ ಮೇಲೆ. ಇಂದೇ ಒಡವೆ ಮಾಡಿಸಿ, ಅದನ್ನೇ ಅವಳು ಮದುವೆಯಲ್ಲಿ ಹಾಕಿಕೊಂಡರೆ ಈ ತೆರಿಗೆ ಬೀಳುವುದೇ ಇಲ್ಲ. ಆದರೆ ಹನ್ನೆರಡು ವರ್ಷದ ಹಿಂದಿನ ಡಿಸೈನ್ ಅವಳಿಗೆ ಹಿಡಿಸದೆ, ಹಳೆಯದನ್ನು ಕೊಟ್ಟು ಹೊಸದು ಮಾಡಿಸಿದರೆ ಮಜೂರಿ ಎರಡನೆಯ ಸಲ ಬೀಳುತ್ತದೆ, ಕರಗಿಸುವ ಕಡಿತವೂ ಬೀಳುತ್ತದೆ. ಅದು ಶೇ. 14ಕ್ಕಿಂತ ಹೆಚ್ಚು. ಹೀಗಾಗಿ ಡಿಸೈನ್ ಹಳತಾಗದವನ್ನು, ಅಂದರೆ ಸಾದಾ ಬಳೆ, ಕರಿಮಣಿಯ ಗುಂಡು, ಹಗುರ ಮಜೂರಿಯ ಸರಳ ಸರದಂಥವನ್ನು, ಅನುಕೂಲವಿದ್ದಾಗ ಕೊಂಡಿಡಬಹುದು. ನೆಕ್ಲೇಸು, ಜುಮಕಿ, ಮದುವೆಯ ಸೆಟ್ಟಿನ ಪಾಲನ್ನು ಇಟಿಎಫ್‌ನಲ್ಲಿಟ್ಟು, ಅವಳೇ ಅಂಗಡಿಗೆ ಬಂದು ಆರಿಸುವ ದಿನ ಮಾರುವುದು ಮೇಲು. ಆ 100 ಗ್ರಾಂನಲ್ಲಿ ಮೂವತ್ತು ನಲವತ್ತು ಗ್ರಾಂ ಮೊದಲ ಬಗೆಗೆ, ಉಳಿದದ್ದು ಎರಡನೆಯದಕ್ಕೆ ಎಂದು ನಾನಾದರೆ ಹಂಚುತ್ತಿದ್ದೆ. ಅವಳು ಮದುವೆ ಬೇಡ, ಮುಂದೆ ಓದುತ್ತೇನೆ ಎಂದರೆ ಆ ಅರವತ್ತು ಗ್ರಾಂ ಮಜೂರಿಯ ನಷ್ಟವಿಲ್ಲದೆ ಫೀಸಾಗಿ ಮಾರ್ಪಡುತ್ತದೆ. ಈ ಅನುಕೂಲವನ್ನು ನಾನು ತೆರಿಗೆಗಿಂತ ದೊಡ್ಡದೆಂದು ಎಣಿಸುತ್ತೇನೆ.

ಕೊಳ್ಳುವಾಗಿನ ಎಚ್ಚರ ಎರಡು ಕಡೆಗೂ ಇದೆ. ಒಡವೆಯ ಮೇಲೆ ಬಿಐಎಸ್ ಗುರುತು, 22K916 ಎಂಬ ಶುದ್ಧತೆಯ ಮುದ್ರೆ, ಮತ್ತು ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ, ಈ ಮೂರೂ ಇರಬೇಕು. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. BIS Care ಆ್ಯಪ್‌ನಲ್ಲಿ Verify HUID ಒತ್ತಿ ಆ ಸಂಖ್ಯೆ ಹಾಕಿದರೆ ಅದು ಬಳೆಯೋ ಸರವೋ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂಬುದು ಬರುತ್ತದೆ. ಕೈಯಲ್ಲಿರುವುದು ಸರ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ಅಂಗಡಿಯಲ್ಲೇ ನಿಂತು ಕೇಳಬೇಕು.

ಇಟಿಎಫ್‌ನಲ್ಲಿ ನೋಡಬೇಕಾದ್ದು, ಆ ಯುನಿಟ್ಟಿನ ಹಿಂದಿರುವ ಚಿನ್ನದ ಬೆಲೆಗೂ ಮಾರುಕಟ್ಟೆಯಲ್ಲಿ ಕೇಳುತ್ತಿರುವ ಬೆಲೆಗೂ ಎಷ್ಟು ಅಂತರ ಎಂಬುದು. ಹಿಂದಿರುವ ಬೆಲೆಯನ್ನು ಫಂಡಿನ ವೆಬ್‌ಸೈಟು ದಿನವಿಡೀ iNAV ಎಂದು ತೋರಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಎರಡೂ ಅಕ್ಕಪಕ್ಕದಲ್ಲಿರುತ್ತವೆ. ಜನ ಮುಗಿಬಿದ್ದ ದಿನ ದೂರ ಸರಿಯುತ್ತವೆ. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿಯ ಇಟಿಎಫ್‌ಗಳು ಹಿಂದಿದ್ದ ಬೆಳ್ಳಿಗಿಂತ ಬಹಳ ಹೆಚ್ಚಿನ ಬೆಲೆಗೆ ಹೋಗಿ, ಕೆಲವು ಕಂಪನಿಗಳು ಬೆಳ್ಳಿ ಫಂಡುಗಳಿಗೆ ಹೊಸದಾಗಿ ದೊಡ್ಡ ಮೊತ್ತ ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ಅಂಥ ದಿನ ಕೊಂಡವರು ಗೊತ್ತಿಲ್ಲದೆಯೇ ಮಜೂರಿಯಷ್ಟು ಹಣ ಕಳೆದುಕೊಂಡರು. ಆದ್ದರಿಂದ ದಿನವೂ ಹೆಚ್ಚು ವಹಿವಾಟಿರುವ ಇಟಿಎಫ್ ಆರಿಸಿ, ಸಿಕ್ಕ ಬೆಲೆಗೆ ಕೊಳ್ಳುವ ಬದಲು ಬೆಲೆ ನಮೂದಿಸಿ ಲಿಮಿಟ್ ಆರ್ಡರ್ ಹಾಕುವುದು, ಧನ್‌ತೇರಸ್, ಅಕ್ಷಯ ತೃತೀಯದಂಥ ದಿನಗಳಲ್ಲಿ iNAV ನೋಡದೆ ಕೊಳ್ಳದಿರುವುದು ಒಳ್ಳೆಯದು.

ಕೊನೆಯದಾಗಿ ಕಾಗದಪತ್ರದ ಮಾತು. ಒಡವೆ, ನಾಣ್ಯಗಳ ಬಿಲ್ಲುಗಳ ಫೋಟೋ ತೆಗೆದು ಒಂದೆಡೆ ಇಡಿ. ಲಾಭ ಲೆಕ್ಕ ಹಾಕುವಾಗ ಮಜೂರಿ, ಜಿಎಸ್‌ಟಿ ಸೇರಿದ ಪೂರ್ತಿ ಮೊತ್ತವೇ ನಿಮ್ಮ ಕೊಂಡ ಬೆಲೆ. ಬಿಲ್ಲಿಲ್ಲದಿದ್ದರೆ ಅದನ್ನು ಸಾಧಿಸುವುದು ಕಷ್ಟ. ಅಜ್ಜಿಯಿಂದ ಬಂದ ಒಡವೆಗೆ ಅಜ್ಜಿ ಕೊಂಡ ಬೆಲೆಯೇ ಲೆಕ್ಕ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಲಾಕರಿಗೂ ಡಿಮ್ಯಾಟ್ ಖಾತೆಗೂ ನಾಮಿನಿ ಹೆಸರು ಬರೆಸಿ, ಯಾವ ಚಿನ್ನ ಎಲ್ಲಿದೆ, ಎಷ್ಟು ಗ್ರಾಂ ಇದೆ ಎಂಬ ಒಂದು ಪುಟದ ಪಟ್ಟಿಯನ್ನು ಗಂಡ ಹೆಂಡತಿ ಇಬ್ಬರೂ ಕೂತು ಬರೆದಿಡಿ.